ಮಕ್ಕಳ ಸಂತೆಗೆ ಬಟ್ಟೆ ಚೀಲ: ಥಾನಿನಿಂದ ಲೆಕ್ಕದ ಹಾಳೆಯವರೆಗೆ

ಹೈಸ್ಕೂಲು ಮಕ್ಕಳು ಕೈಯಾರೆ ಮಾಡಿದ್ದನ್ನು ಮಾರಿ, ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವ ಸಂತೆ ಉಡುಪಿ, ಮಂಗಳೂರಿನ ಶಾಲೆಗಳಿಗೆ ಹೊಸದಲ್ಲ. ಸಂಜೆ ನೋಡಿದರೆ ಹಣದ ಡಬ್ಬಿ ತುಂಬಿರುತ್ತದೆ, ಎಲ್ಲರಿಗೂ ಖುಷಿ. ಮರುದಿನ ಬಟ್ಟೆಯಂಗಡಿಯ ಬಿಲ್ಲು, ದರ್ಜಿಯ ಮಜೂರಿ, ಶಾಮಿಯಾನದ ಬಾಡಿಗೆ ಕಳೆದರೆ ಕೈಯಲ್ಲಿ ಉಳಿಯುವುದು ಮುನ್ನೂರೋ ನಾನೂರೋ. ಮಾರಾಟ ಸೋತದ್ದರಿಂದ ಹೀಗಾಗುವುದು ಕಡಿಮೆ. ಬಟ್ಟೆ ಕೊಳ್ಳುವ ಮೊದಲು ಬೆಲೆಯ ಲೆಕ್ಕ ಹಾಕದೆ ಇದ್ದದ್ದೇ ಹೆಚ್ಚಿನ ಸಲ ಕಾರಣ.

ಆದ್ದರಿಂದ ಇಲ್ಲಿ ಒಂದೇ ವಸ್ತುವನ್ನು ಹಿಡಿದು ಕೊನೆಯವರೆಗೆ ಹೋಗೋಣ: ಬೆಂಡೆಕಾಯಿ ಅಚ್ಚಿನ ಕೋರಾ ಬಟ್ಟೆ ಚೀಲ. ಒಂಬತ್ತನೇ ತರಗತಿಯ ಆರು ಮಕ್ಕಳ ಒಂದು ತಂಡ, ಉಡುಪಿಯ ಒಂದು ಶಾಲೆಯ ಅಂಗಳ, ಡಿಸೆಂಬರ್ ಮೊದಲ ವಾರದ ಶನಿವಾರ ಮಧ್ಯಾಹ್ನ ಮೂರೂವರೆಯಿಂದ ಏಳೂವರೆಯವರೆಗೆ ಸಂತೆ. ಉಳಿದ ಹಣ ಪಕ್ಕದ ಸರ್ಕಾರಿ ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕೆ. ಬೆಲೆಗಳೆಲ್ಲ ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಪೇಟೆಯ ದರ ವಿಚಾರಿಸಿ ಅದೇ ಜಾಗದಲ್ಲಿ ಬರೆದುಕೊಳ್ಳಿ.

ತಿಂಡಿಯ ಮಳಿಗೆ ಬೇಡವೇ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಗೋಳಿಬಜೆ ಹಾಕಿದರೆ ಹದಿನೈದು ನಿಮಿಷದಲ್ಲಿ ಖಾಲಿ, ಸರಿ. ಆದರೆ ಕಾದ ಎಣ್ಣೆ, ಉಳಿದದ್ದು ಹಾಳಾಗುವುದು, ಯಾರಿಗಾದರೂ ಹೊಟ್ಟೆ ಕೆಟ್ಟರೆ ಬರುವ ದೂರು, ಇವೆಲ್ಲ ಬೇರೆಯೇ ಕತೆ. ಚೀಲ ಇವತ್ತು ಹೋಗದಿದ್ದರೆ ಮುಂದಿನ ತಿಂಗಳು ಹೋಗುತ್ತದೆ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ಮೀನಿಗೊಂದು ತರಕಾರಿಗೊಂದು ಚೀಲ ಇಟ್ಟುಕೊಳ್ಳುವ ಮನೆಗಳೂ ಹೆಚ್ಚಿವೆ.

ಮೊದಲು ಬೇಕಾದ ಮೊತ್ತ, ಆಮೇಲೆ ಚೀಲ

ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರ ಬಳಿ ಹೋಗಿ ಏನು ಬೇಕೆಂದು ಕೇಳಿ, ಬರೆಸಿಕೊಳ್ಳಿ. "ಗ್ರಂಥಾಲಯಕ್ಕೆ ಸಹಾಯ" ಎಂದಷ್ಟೇ ಇಟ್ಟುಕೊಂಡರೆ ಗುರಿ ಎಷ್ಟೆಂದೇ ತಿಳಿಯುವುದಿಲ್ಲ. ಕಪಾಟು ಇದೆಯೇ, ಪುಸ್ತಕ ಮಾತ್ರ ಸಾಕೇ, ಯಾವ ತರಗತಿಯವರಿಗೆ ಎಂದೆಲ್ಲ ಕೇಳಿದ ಮೇಲೆ ಒಂದು ಮೊತ್ತ ಹೊರಡುತ್ತದೆ. ಅದು 10,000 ರೂಪಾಯಿ ಎಂದಿಟ್ಟುಕೊಳ್ಳೋಣ.

ಇನ್ನು ಸಂತೆಗೆ ಬರುವವರ ಕಿಸೆ. ಬರುವವರು ಬಹುಪಾಲು ಹೆತ್ತವರು, ಅಜ್ಜ ಅಜ್ಜಿ, ನೆರೆಕರೆಯವರು. 120 ಮನೆಯವರು ಬಂದು, ಒಂದೊಂದು ಮನೆಯವರು ಸರಾಸರಿ 250 ರೂಪಾಯಿ ಖರ್ಚು ಮಾಡಿದರೆ ಇಡೀ ಅಂಗಳದಲ್ಲಿ ಆಗುವ ವ್ಯಾಪಾರ 30,000. ಹೋದ ವರ್ಷದ ಲೆಕ್ಕ ಇದ್ದರೆ ಊಹೆ ಬಿಟ್ಟು ಅದನ್ನೇ ಹಿಡಿಯಿರಿ. ಈ 30,000ವನ್ನು ಎಲ್ಲ ಮಳಿಗೆಗಳೂ ಹಂಚಿಕೊಳ್ಳಬೇಕು. ಹತ್ತು ತಂಡಗಳು ತಲಾ 6,000 ರೂಪಾಯಿಯ ಸಾಮಾನು ತಂದು ಗುಡ್ಡೆ ಹಾಕಿದರೆ ಅರ್ಧ ವಾಪಸು ಹೋಗುತ್ತದೆ, ಆ ಅರ್ಧದ ಖರ್ಚನ್ನು ಮಾರಿದ ಅರ್ಧ ಹೊರಬೇಕಾಗುತ್ತದೆ. ಈ ಅಂಗಳಕ್ಕೆ ಐದು ತಂಡ ಸಾಕು, ಐವರದ್ದೂ ಬೇರೆ ಬೇರೆ ವಸ್ತು ಇರಲಿ. ಪ್ರತಿ ತಂಡಕ್ಕೂ ಖರ್ಚು ಕಳೆದು 2,000 ರೂಪಾಯಿ ಉಳಿದರೆ ಗುರಿ ಮುಟ್ಟುತ್ತದೆ. ಚೀಲದ ತಂಡದ ಮುಂದಿರುವ ಪ್ರಶ್ನೆ ಇದೊಂದೇ: 2,000 ಉಳಿಯಬೇಕಾದರೆ ಎಷ್ಟು ಚೀಲ, ಯಾವ ಬೆಲೆಗೆ?

ಬಟ್ಟೆ: ಅಳತೆ ಮತ್ತು ಕತ್ತರಿಸುವ ಕ್ರಮ

ಬಣ್ಣ ಹಾಕದ, ಬಿಳುಪು ಮಾಡದ ಕೋರಾ ಹತ್ತಿ ಬಟ್ಟೆ, ಪನ್ನ ಅಂದರೆ ಅಗಲ 36 ಇಂಚಿನದ್ದು ತನ್ನಿ. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಆಚೆ ಕೈಬೆರಳು ಎಣಿಸುವಷ್ಟು ಸ್ಪಷ್ಟ ಕಂಡರೆ ಅದು ಲೈನಿಂಗಿನ ಬಟ್ಟೆ, ತೆಂಗಿನಕಾಯಿ ಹೊರುವುದಿಲ್ಲ.

ಕೋರಾ ಬಟ್ಟೆಗೆ ಮಗ್ಗದಲ್ಲೇ ಗಂಜಿ ಹಾಕಿರುತ್ತಾರೆ. ಅದನ್ನು ತೆಗೆಯದೆ ಅಚ್ಚೊತ್ತಿದರೆ ಬಣ್ಣ ಗಂಜಿಯ ಮೇಲೆ ಕೂರುತ್ತದೆ, ಮೊದಲ ಒಗೆತಕ್ಕೆ ಗಂಜಿಯ ಜೊತೆಗೇ ಹೊರಟುಹೋಗುತ್ತದೆ. ಒಂದು ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಪಿನ ಪುಡಿ ಹಾಕಿದ ಬಿಸಿನೀರಲ್ಲಿ ಅರ್ಧ ಗಂಟೆ ಇಟ್ಟು, ಎರಡು ಸಲ ಜಾಲಿಸಿ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೂಡಲೇ ಇಂಗಿದರೆ ಸರಿ. ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ನಿಂತರೆ ಇನ್ನೊಮ್ಮೆ ತೊಳೆಯಬೇಕು.

ಈ ತೊಳೆಯುವಿಕೆಯಲ್ಲೇ ಬಟ್ಟೆ ಕುಗ್ಗುತ್ತದೆ. ಎಷ್ಟು ಎಂಬುದು ಬಟ್ಟೆಯಿಂದ ಬಟ್ಟೆಗೆ ಬೇರೆ. ಮೊದಲು ಅರ್ಧ ಮೀಟರು ಮಾತ್ರ ತಂದು, ಅಳೆದು, ತೊಳೆದು, ಮತ್ತೆ ಅಳೆಯಿರಿ. ನೂರಕ್ಕೆ ಐದು ಕುಗ್ಗಿದರೆ 36 ಇಂಚಿನ ಪನ್ನ ಸುಮಾರು ಮೂವತ್ತನಾಲ್ಕೂಕಾಲಿಗೆ ಬರುತ್ತದೆ, ಮುಂದಿನ ಲೆಕ್ಕಕ್ಕೆ ಅದನ್ನೇ ಹಿಡಿದಿದ್ದೇವೆ. ತೊಳೆಯದೆ ಹೊಲಿದು ಮಾರಿದರೆ ಕೊಂಡವರ ಮನೆಯಲ್ಲಿ ಚೀಲ ಸೊಟ್ಟಗಾಗುತ್ತದೆ. ಹೊಲಿಗೆಯ ನೂಲು ಕುಗ್ಗುವುದಿಲ್ಲ, ಬಟ್ಟೆ ಕುಗ್ಗುತ್ತದೆ, ಅಂಚೆಲ್ಲ ನೆರಿಗೆ ಕಟ್ಟುತ್ತದೆ.

ಚೀಲವನ್ನು ಎರಡು ತುಂಡು ಜೋಡಿಸಿ ಮಾಡಬೇಡಿ. ಒಂದೇ ಉದ್ದ ತುಂಡನ್ನು ನಡುವೆ ಮಡಚಿ, ಆ ಮಡಿಕೆಯನ್ನೇ ತಳ ಮಾಡಿ. ತಳದಲ್ಲಿ ಹೊಲಿಗೆ ಇಲ್ಲದಿದ್ದರೆ ಅಲ್ಲಿ ಬಿಚ್ಚುವ ಪ್ರಶ್ನೆಯೇ ಇಲ್ಲ. ಕತ್ತರಿಸುವಾಗ ಒಂದು ಜಾಣತನವಿದೆ: ಬಟ್ಟೆಯ ಉದ್ದಕ್ಕೆ 14 ಇಂಚು ಅಳೆದು, ಪೂರ್ತಿ ಪನ್ನಕ್ಕೆ ಅಡ್ಡಲಾಗಿ ಕತ್ತರಿಸಿ. ಆಗ ಪ್ರತಿ ತುಂಡೂ 14 ಇಂಚು ಅಗಲ, ಮೂವತ್ತನಾಲ್ಕೂಕಾಲು ಇಂಚು ಉದ್ದ. ಅದರ ಎರಡು ತುದಿಗಳಲ್ಲೂ ನೂಲು ಬಿಡದ ಮಗ್ಗದ ಅಂಚು ಇರುತ್ತದೆ, ಆ ತುದಿಗಳೇ ಚೀಲದ ಬಾಯಿ. ನೂಲು ಬಿಡದ ಅಂಚಾದ ಕಾರಣ ಬಾಯಿಯನ್ನು ಒಂದೇ ಸಲ ಮಡಚಿ ಹೊಲಿದರೆ ಸಾಕು, ದರ್ಜಿಯ ಕೆಲಸ ಅಷ್ಟು ಕಡಿಮೆ. ಬಾಯಿಗೆ ಎರಡೂ ಕಡೆ ಒಂದೂಮುಕ್ಕಾಲು ಇಂಚು, ಬದಿಗಳಿಗೆ ಅರ್ಧರ್ಧ ಇಂಚು ಹೋದರೆ ಸಿಗುವ ಚೀಲ 13 ಇಂಚು ಅಗಲ, ಹದಿನೈದು ಇಂಚಿಗಿಂತ ತುಸು ಹೆಚ್ಚು ಎತ್ತರ. ಎರಡು ಕೆಜಿ ತರಕಾರಿ, ಒಂದು ತೆಂಗಿನಕಾಯಿ, ಮೇಲೆ ಒಂದು ಕಟ್ಟು ಬಸಳೆಗೆ ಧಾರಾಳ.

ಹಿಡಿಗಳಿಗೆ 22 ಇಂಚು ಉದ್ದ, 4 ಇಂಚು ಅಗಲದ ಪಟ್ಟಿ ಬೇಕು. ಎರಡು ಸಲ ಮಡಚಿದಾಗ ಒಂದು ಇಂಚಿನ, ನಾಲ್ಕು ಪದರದ ಹಿಡಿಯಾಗುತ್ತದೆ. ಬಟ್ಟೆಯ ಉದ್ದದಲ್ಲಿ 22 ಇಂಚು ತೆಗೆದರೆ ಪನ್ನಕ್ಕೆ ಎಂಟು ಪಟ್ಟಿ ಸಿಗುತ್ತವೆ, ಅಂದರೆ ನಾಲ್ಕು ಚೀಲಕ್ಕೆ ಆಯಿತು. ಹೀಗೆ ನಾಲ್ಕು ಚೀಲಕ್ಕೆ 56 ಇಂಚು, ಅವುಗಳ ಹಿಡಿಗೆ 22 ಇಂಚು, ಒಟ್ಟು 78. ನಲವತ್ತು ಚೀಲಕ್ಕೆ 780 ಇಂಚು. 22 ಮೀಟರ್ ಬಟ್ಟೆ ತೊಳೆದ ಮೇಲೆ ಸುಮಾರು 823 ಇಂಚು ಇರುತ್ತದೆ. ನಲವತ್ತು ಚೀಲದ ಮೇಲೆ ಅಭ್ಯಾಸಕ್ಕೆ ಹಿಡಿಯಿಲ್ಲದ ಎರಡು ತುಂಡು, ಒಗೆದು ನೋಡಲು ಒಂದು ಗೇಣಿಗಿಂತ ಹೆಚ್ಚು ಉಳಿಯುತ್ತದೆ.

ಅಚ್ಚು: ಹೊಲಿಯುವ ಮೊದಲೇ

ಹೊಲಿದ ಚೀಲದ ಮೇಲೆ ಅಚ್ಚೊತ್ತುವ ತಂಡಗಳು ಎರಡು ರೀತಿಯಲ್ಲಿ ಕಳೆದುಕೊಳ್ಳುತ್ತವೆ. ಬಣ್ಣ ಹಿಂದಿನ ಪದರಕ್ಕೆ ಇಳಿಯುತ್ತದೆ. ಅಚ್ಚು ಕೆಟ್ಟರೆ ಬಟ್ಟೆಯ ಜೊತೆ ದರ್ಜಿಗೆ ಕೊಟ್ಟ 25 ರೂಪಾಯಿಯೂ ಹೋಗುತ್ತದೆ. ಬಿಡಿ ತುಂಡಿನ ಮೇಲೆ ಒತ್ತಿ, ಒಳ್ಳೆಯವನ್ನು ಮಾತ್ರ ಆರಿಸಿ ಹೊಲಿಗೆಗೆ ಕೊಡಿ.

ಬೆಂಡೆಕಾಯಿ ಎಳೆಯದು ಬೇಡ, ಪಲ್ಯಕ್ಕೆ ಆಗದಷ್ಟು ಬಲಿತದ್ದೇ ಇದಕ್ಕೆ ಸರಿ. ಅಡ್ಡಲಾಗಿ ಒಂದೇ ಏಟಿಗೆ ಕತ್ತರಿಸಬೇಕು, ಗರಗಸದ ಹಾಗೆ ಉಜ್ಜಿದರೆ ಅಚ್ಚಿನ ಮುಖ ಸಮ ಬರುವುದಿಲ್ಲ. ಕತ್ತರಿಸಿದ ಮುಖವನ್ನು ಪತ್ರಿಕೆಯ ಮೇಲೆ ಕವುಚಿ ಅರ್ಧ ಗಂಟೆ ಬಿಡಿ. ಲೋಳೆ ಹೀರಿಹೋಗದಿದ್ದರೆ ಬಣ್ಣ ಜಾರಿ ಹೂವಿನ ಬದಲು ಮಸಿ ಮೂಡುತ್ತದೆ. ಸಾಮಾನ್ಯ ಬೆಂಡೆಗೆ ಐದು ಏಣು, ಐದೆಸಳಿನ ಹೂವು. ನಮ್ಮ ಕಡೆಯ ಹಾಲುಬೆಂಡೆ ಸಿಕ್ಕರೆ ಏಣು ಹೆಚ್ಚು, ಹೂವೂ ದೊಡ್ಡದು. ಆದರೆ ಅದು ಮಳೆಗಾಲದ ಸರಕು, ನವೆಂಬರಿನಲ್ಲಿ ಅದನ್ನೇ ನಂಬಿ ಕೂರಬೇಡಿ. ಒಂದು ತುಂಡು ಇಪ್ಪತ್ತು ಇಪ್ಪತ್ತೈದು ಸಲ ಒತ್ತಿದ ಮೇಲೆ ಮೆತ್ತಗಾಗಿ ಎಸಳುಗಳು ಕೂಡಿಕೊಳ್ಳುತ್ತವೆ. ಆಗ ಇನ್ನೊಂದು ಬಿಲ್ಲೆ ಕತ್ತರಿಸಿ.

ಬಣ್ಣ ನೀರಿನಲ್ಲಿ ಕರಗುವ ಫ್ಯಾಬ್ರಿಕ್ ಬಣ್ಣವಾಗಿರಲಿ. ಅದಕ್ಕೆ ನೀರು ಬೆರೆಸಬಾರದು, ಬೆರೆಸಿದರೆ ನೂಲಿನುದ್ದಕ್ಕೂ ಹರಡುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಒದ್ದೆ ಮಾಡಿದ ಸ್ಪಂಜಿಟ್ಟು ಅದರ ಮೇಲೆ ಬಣ್ಣ ಸವರಿ, ಬೆಂಡೆಯನ್ನು ಸ್ಪಂಜಿಗೆ ಒತ್ತಿ ಬಟ್ಟೆಗೆ ಒತ್ತಿ. ನೇರ ಬಣ್ಣದ ಡಬ್ಬಿಗೆ ಅದ್ದಿದರೆ ಬೀಜದ ಕುಳಿಗಳೆಲ್ಲ ತುಂಬಿ ಗುರುತೇ ಸಿಗುವುದಿಲ್ಲ. ಬಟ್ಟೆಯ ಕೆಳಗೆ ನಾಲ್ಕು ಪದರ ಪತ್ರಿಕೆ ಇರಲಿ. ಹೂವುಗಳನ್ನು ಬಾಯಿಯ ಅಂಚಿನಿಂದ ನಾಲ್ಕು ಇಂಚು ಕೆಳಗೆ ಶುರುಮಾಡಿ, ಇಲ್ಲವಾದರೆ ಅರ್ಧ ಹೂವು ಮಡಿಕೆಯ ಒಳಗೆ ಹೋಗುತ್ತದೆ. ತುಂಡಿನ ಎರಡನೇ ಅರ್ಧದಲ್ಲಿ ಚಿತ್ರ ತಲೆಕೆಳಗಾಗಿ ಬರಬೇಕು ಎಂಬುದನ್ನು ಯಾರಾದರೊಬ್ಬರು ಮರೆತೇ ಮರೆಯುತ್ತಾರೆ. ತಳದ ಮಡಿಕೆಗೆ ಸೀಮೆಸುಣ್ಣದ ಗೆರೆ ಹಾಕಿ, ಒಂದೇ ಮುಖಕ್ಕೆ ಒತ್ತಿ ಮುಗಿಸಿದರೆ ಆ ತೊಂದರೆಯೂ ಇಲ್ಲ, ಬಣ್ಣವೂ ಅರ್ಧ.

ಹೂವಿನ ಸಾಲಿನ ಕೆಳಗೆ ನಾಲ್ಕು ಅಕ್ಷರ ಇದ್ದರೆ ಚೀಲಕ್ಕೆ ಊರಿನ ಕಳೆ ಬರುತ್ತದೆ. "ಬಲೆ ಸಂತೆಗ್ ಪೋಯಿ" ಎಂದು ತುಳುವಿನಲ್ಲಿ ಬರೆದ ಚೀಲದ ಮುಂದೆ ಇಲ್ಲಿಯವರು ಒಂದು ಕ್ಷಣ ನಿಂತೇ ನಿಲ್ಲುತ್ತಾರೆ. ಅಕ್ಷರವನ್ನು ಆಲೂಗಡ್ಡೆಯಲ್ಲಿ ಕೆತ್ತಬೇಡಿ, ಕನ್ನಡಿಯಲ್ಲಿ ಕಂಡಂತೆ ತಿರುವು ಮುರುವಾಗಿ ಕೆತ್ತುವುದು ಮಕ್ಕಳಿಗೆ ಕಷ್ಟ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಕ್ಷರ ಕೊರೆದು, ಆ ಕಿಂಡಿಯ ಮೂಲಕ ಒಣ ಸ್ಪಂಜಿನಿಂದ ತಟ್ಟುವುದು ಸುಲಭ. "ಸಂ"ನ ಸೊನ್ನೆಯಂಥ ಮುಚ್ಚಿದ ಸುತ್ತು ಬಂದಲ್ಲಿ ಒಳಗಿನ ಬಿಲ್ಲೆ ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಅಕ್ಕಿಕಾಳಿನಷ್ಟು ಅಗಲದ ಎರಡು ಸೇತುವೆ ಬಿಟ್ಟೇ ಕೊರೆಯಬೇಕು.

ಬಣ್ಣ ಒಣಗಲು ಬೇಸಿಗೆಯಲ್ಲಿ ಒಂದು ದಿನ ಸಾಕು. ಇಲ್ಲಿನ ನವೆಂಬರಿನ ತೇವದಲ್ಲಿ ಎರಡು ದಿನ ಕೊಡಿ, ಮೋಡವಿದ್ದರೆ ಮೂರು. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿಯಿರುತ್ತದೆ. ಆಗಲೇ ಒಂದರ ಮೇಲೊಂದು ಪೇರಿಸಿದರೆ ಹೂವು ಪಕ್ಕದ ಚೀಲಕ್ಕೆ ಅಂಟುತ್ತದೆ, ಬಟ್ಟೆ ಮುಗ್ಗಲು ವಾಸನೆ ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ, ಹತ್ತಿಯ ಬಿಸಿಯಲ್ಲಿ, ನೀರು ಚಿಮುಕಿಸದೆ ಮೂರು ನಾಲ್ಕು ನಿಮಿಷ ಇಸ್ತ್ರಿ ಒತ್ತಿ. ಬಣ್ಣ ನಿಲ್ಲುವುದು ಈ ಬಿಸಿಗೆ. ಅಭ್ಯಾಸದ ತುಂಡಿಗೂ ಹೀಗೇ ಮಾಡಿ, ಸೋಪು ಹಾಕಿ ಕಲ್ಲಿನ ಮೇಲೆ ಒಗೆದು ನೋಡಿ. ಅದು ಪಾಸಾಗುವವರೆಗೆ ಉಳಿದ ತುಂಡುಗಳನ್ನು ದರ್ಜಿಯ ಮನೆಗೆ ಕಳುಹಿಸಬೇಡಿ.

ದರ್ಜಿಗೆ ಹೇಳಬೇಕಾದದ್ದು ಎರಡೇ: ಬದಿಗೆ ಜೋಡಿ ಹೊಲಿಗೆ, ಹಿಡಿ ಸೇರುವಲ್ಲಿ ಚೌಕ ಹಾಕಿ ಅದರೊಳಗೆ ಅಡ್ಡಗೆರೆ. ತುಳಸಿ ಪೂಜೆ ಕಳೆದರೆ ಮದುವೆಗಳು ಶುರು, ಆಮೇಲೆ ರವಿಕೆಗಳ ರಾಶಿಯ ಕೆಳಗೆ ನಿಮ್ಮ ಚೀಲ ಸಿಕ್ಕಿಹಾಕಿಕೊಳ್ಳುತ್ತದೆ. ಸಂತೆಗೆ ಮೂರು ವಾರ ಇರುವಾಗಲೇ ಕೊಟ್ಟುಬಿಡಿ. ಹಾಗಾಗಬೇಕಾದರೆ ದೀಪಾವಳಿಯ ಆಸುಪಾಸಿನಲ್ಲೇ ಬಟ್ಟೆ ತೊಳೆದಿರಬೇಕು.

ಒಂದು ಚೀಲಕ್ಕೆ ನಿಜವಾಗಿ ಎಷ್ಟು ಬಿತ್ತು?

ಮಕ್ಕಳನ್ನು ಕೇಳಿದರೆ ಲೆಕ್ಕ ಹೀಗೆ ಬರುತ್ತದೆ: ಬಟ್ಟೆ 39, ಬಣ್ಣ 9, ಹೊಲಿಗೆ 25, ಒಟ್ಟು 73. ನೂರಕ್ಕೆ ಮಾರಿದರೆ ಚೀಲಕ್ಕೆ 27 ಲಾಭ, 42 ಚೀಲಕ್ಕೆ 1,134. ಕೂಡಿಸಿದ್ದರಲ್ಲಿ ತಪ್ಪಿಲ್ಲ. ಆದರೆ 42 ತುಂಡಿನಲ್ಲಿ ಎರಡು ಅಭ್ಯಾಸಕ್ಕೆ ಹೋದವು, ಇನ್ನೆರಡು ಅಚ್ಚು ಕದಡಿ ಕೆಟ್ಟವು, ಮೇಜಿಗೆ ಬಂದದ್ದು 38. ಜೊತೆಗೆ ಯಾರೂ ಬರೆದಿಡದ ಸಣ್ಣ ಖರ್ಚುಗಳಿವೆ. ಪೂರ್ತಿ ಪಟ್ಟಿ ಇದು:

- ಕೋರಾ ಬಟ್ಟೆ, 22 ಮೀಟರ್, ಮೀಟರಿಗೆ 75ರಂತೆ: 1,650
- ಬಣ್ಣ, 100 ಮಿಲಿಯ 3 ಬಾಟಲಿ, 130ರಂತೆ: 390
- ಹೊಲಿಗೆ, 38 ಚೀಲ, 25ರಂತೆ: 950
- ಬೆಂಡೆ, ಸ್ಪಂಜು, ಸೋಪಿನ ಪುಡಿ: 110
- ಬೆಲೆ ಚೀಟಿ, ದಾರ, 38ಕ್ಕೆ 2ರಂತೆ: 76
- ಮೇಜು, ಶಾಮಿಯಾನದಲ್ಲಿ ತಂಡದ ಪಾಲು: 200
- ಪೇಟೆಗೂ ದರ್ಜಿಯ ಮನೆಗೂ ರಿಕ್ಷಾ, ಬಸ್ಸು: 124

ಒಟ್ಟು 3,500. ಅದನ್ನು 38ರಿಂದ ಭಾಗಿಸಿದರೆ ಚೀಲವೊಂದಕ್ಕೆ 92 ರೂಪಾಯಿ. ನೂರರಂತೆ ಒಂದೂ ಬಿಡದೆ ಮಾರಿದರೂ ಬರುವುದು 3,800, ಗ್ರಂಥಾಲಯಕ್ಕೆ ಉಳಿಯುವುದು 300. ಮೊದಲ ಪ್ಯಾರಾದ ಮುನ್ನೂರು ಬಂದದ್ದು ಹೀಗೆ.

ಯಾರದೋ ಅಪ್ಪನ ಬಟ್ಟೆಯಂಗಡಿಯಿಂದ 22 ಮೀಟರ್ ಪುಕ್ಕಟೆ ಸಿಕ್ಕಿತು ಎಂದುಕೊಳ್ಳಿ. ಆಗಲೂ ಪಟ್ಟಿಯಲ್ಲಿ 1,650 ಎಂದೇ ಬರೆಯಿರಿ, ಆ ಮೊತ್ತವನ್ನು ಕೆಳಗೆ "ದೇಣಿಗೆ" ಎಂದು ಬೇರೆಯಾಗಿ ತೋರಿಸಿ. ಬಟ್ಟೆಗೆ ಸೊನ್ನೆ ಹಾಕಿದರೆ ಬೆಲೆ ಇಳಿಸುವ ಆಸೆ ಹುಟ್ಟುತ್ತದೆ, ಮುಂದಿನ ವರ್ಷದ ತಂಡ ಅದೇ ಬೆಲೆಯನ್ನು ನಂಬಿ ನಷ್ಟ ಮಾಡಿಕೊಳ್ಳುತ್ತದೆ. ದೇಣಿಗೆ ದೊಡ್ಡದೋ ವ್ಯಾಪಾರ ದೊಡ್ಡದೋ ಎಂಬುದೂ ಮರೆಯಾಗುತ್ತದೆ.

ಮೊದಲಿನ 3,500 ಎಲ್ಲಿಂದ ಎಂಬ ಪ್ರಶ್ನೆಗೆ ಸರಳ ದಾರಿ ಶಿಕ್ಷಕ ರಕ್ಷಕ ಸಂಘದಿಂದ ಸಾಲ. ಸಾಲ ಎಂದೇ ಬರೆದು ಕೊಡಲಿ, ಸಂತೆಯ ಮರುದಿನ ಮೊದಲು ಅದೇ ತೀರಲಿ.

ಬೆಲೆ ಕಟ್ಟುವುದು

ಖರ್ಚಿಗೆ ನೂರಕ್ಕೆ ಇಷ್ಟು ಎಂದು ಸೇರಿಸಿ ಬೆಲೆ ಕಟ್ಟುವುದು ನಮಗೆ ಒಪ್ಪಿಗೆಯಿಲ್ಲ. 92ರ ಕೆಳಗೆ ಶುರು ಮಾಡಬಾರದು ಎಂಬುದನ್ನಷ್ಟೇ ಖರ್ಚು ಹೇಳುತ್ತದೆ, ಮೇಲಿನ ತುದಿಯನ್ನು ಕೊಳ್ಳುವವರೇ ಹೇಳಬೇಕು. ಒಂದು ಚೀಲವನ್ನು ಪೂರ್ತಿ ಮುಗಿಸಿ, ರಥಬೀದಿಯ ಆಸುಪಾಸಿನಲ್ಲಿ, ಮಂಗಳೂರಾದರೆ ಹಂಪನಕಟ್ಟೆಯ ಕಡೆ, ಇಂಥದ್ದೇ ಚೀಲಕ್ಕೆ ಮೂರು ಅಂಗಡಿಗಳಲ್ಲಿ ಎಷ್ಟಿದೆ ಎಂದು ನೋಡಿ ಬನ್ನಿ. ಆಮೇಲೆ ತಂಡದವರ ಸ್ವಂತ ಮನೆಯವರಲ್ಲದ ಹತ್ತು ಮಂದಿ ದೊಡ್ಡವರಿಗೆ ಅದನ್ನು ತೋರಿಸಿ. "ಚಂದ ಉಂಟಾ?" ಎಂದು ಕೇಳಬೇಡಿ. ಚಂದ ಇಲ್ಲ ಎಂದು ಮಕ್ಕಳ ಮುಖಕ್ಕೆ ಯಾರೂ ಹೇಳುವುದಿಲ್ಲ. "ಆಂಟೀ, ಇದಕ್ಕೆ 180 ರೂಪಾಯಿ, ಈಗ 50 ಮುಂಗಡ ಕೊಟ್ಟರೆ ನಿಮಗೊಂದು ತೆಗೆದಿಡ್ತೇವೆ" ಎಂದು ಕೇಳಿ. ಹತ್ತರಲ್ಲಿ ಮೂವರಾದರೂ ಪರ್ಸಿಗೆ ಕೈ ಹಾಕಿದರೆ ಆ ಬೆಲೆ ನಿಲ್ಲುತ್ತದೆ. ಒಬ್ಬರೂ ಹಾಕದಿದ್ದರೆ ಬೆಲೆಗಿಂತ ಮೊದಲು ಹಿಡಿಯ ಉದ್ದ, ಬಣ್ಣ, ಬಟ್ಟೆಯ ದಪ್ಪ ನೋಡಿ.

ಮೂರು ಬೆಲೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 150ಕ್ಕೆ 34 ಚೀಲ ಹೋದರೆ 5,100 ಬಂದು 1,600 ಉಳಿಯುತ್ತದೆ. 250 ಎಂದರೆ ಜನ ಕೈಯಲ್ಲಿ ಹಿಡಿದು ನೋಡಿ ಕೆಳಗಿಡುತ್ತಾರೆ. ಹದಿನೈದೇ ಹೋದರೆ 3,750, ಉಳಿಯುವುದು 250. 180ಕ್ಕೆ 28 ಹೋಗಿ, ಕೊನೆಯ ಗಂಟೆಯಲ್ಲಿ 130ರಂತೆ ಆರು ಹೋದರೆ 5,040 ಮತ್ತು 780, ಒಟ್ಟು 5,820. ನಾಲ್ಕು ಚೀಲ ಕೈಯಲ್ಲೇ ಉಳಿದರೂ ಖರ್ಚು ಕಳೆದು 2,320. ತಂಡಕ್ಕೆ ಬೇಕಿದ್ದದ್ದು 2,000. ಹಾಗಾಗಿ 180.

180ರ ಬೆಲೆಯಲ್ಲಿ ಹತ್ತೊಂಬತ್ತನೇ ಚೀಲದವರೆಗೆ ಬಂದ ಹಣವೆಲ್ಲ ಖರ್ಚಿಗೇ ಹೋಗುತ್ತದೆ. ಇಪ್ಪತ್ತನೆಯದು ಮಾರಿದಾಗ ಅಸಲು ಬಂದಂತೆ. ಈ "20" ಎಂಬ ಸಂಖ್ಯೆಯನ್ನು ಮೇಜಿನ ಹಿಂದೆ, ಗಿರಾಕಿಗಳಿಗೆ ಕಾಣದ ಕಡೆ ದೊಡ್ಡದಾಗಿ ಅಂಟಿಸಿ. ಐದು ಗಂಟೆಗೆ ಹನ್ನೆರಡು ಹೋಗಿದ್ದರೆ ಮುಂದೇನು ಮಾಡಬೇಕೆಂದು ಮಕ್ಕಳಿಗೆ ತಾವೇ ಹೊಳೆಯುತ್ತದೆ.

ಆರು ಮಕ್ಕಳು ತಲಾ ಒಂಬತ್ತು ಗಂಟೆ ದುಡಿದರೆ 54 ಗಂಟೆ. 2,320ನ್ನು ಅದರಿಂದ ಭಾಗಿಸಿದರೆ ಗಂಟೆಗೆ ಸುಮಾರು 43 ರೂಪಾಯಿ. ಯಾರಿಗೂ ಕೂಲಿ ಕೊಡುತ್ತಿಲ್ಲ ನಿಜ, ಆದರೂ ಈ ಲೆಕ್ಕ ಹಾಕಿ. ಒಂದೊಂದು ಕಾರ್ಡಿಗೆ ಒಂದೂವರೆ ಗಂಟೆ ಕೂತು ಬಣ್ಣ ತುಂಬಿ 30 ರೂಪಾಯಿಗೆ ಮಾರುವ ತಂಡಕ್ಕೆ ಬೇರೆ ವಸ್ತು ಹುಡುಕಲು ಹೇಳಬಹುದು.

ಸಂತೆಯ ದಿನ

ಚೀಲವನ್ನು ಮಡಚಿ ಪೇರಿಸಿಟ್ಟರೆ ಅದು ಬಟ್ಟೆಯ ರಾಶಿಯಂತೆ ಕಾಣುತ್ತದೆ. ಐದಾರನ್ನು ಪತ್ರಿಕೆ ತುಂಬಿಸಿ ಕಣ್ಣಿನ ಮಟ್ಟಕ್ಕೆ ತೂಗುಹಾಕಿ. ಒಂದರಲ್ಲಿ ಐದು ಕೆಜಿ ಅಕ್ಕಿ ತುಂಬಿ ಕೊಕ್ಕೆಗೆ ನೇತುಹಾಕಿ, ನಾಲ್ಕು ಗಂಟೆಯೂ ಹಾಗೆಯೇ ಇರಲಿ. "ಗಟ್ಟಿ ಉಂಟಾ ಮಗಾ?" ಎಂಬ ಪ್ರಶ್ನೆಗೆ ಅದೇ ಉತ್ತರ. ಬೆಲೆ ಚೀಟಿಯ ಹಿಂದೆ ಮೂರು ಸಾಲು: ಹತ್ತಿ ಬಟ್ಟೆ, ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ, ಹಿಂಬದಿಯಿಂದ ಇಸ್ತ್ರಿ ಮಾಡಿ. ಫಲಕದಲ್ಲಿ "ಪೂರ್ತಿ ಹಣ ಗ್ರಂಥಾಲಯಕ್ಕೆ" ಎಂದು ಬರೆಯಬೇಡಿ, ಅದು ಸುಳ್ಳಾಗುತ್ತದೆ. "ಖರ್ಚು ಕಳೆದು ಉಳಿದದ್ದೆಲ್ಲ ಗ್ರಂಥಾಲಯಕ್ಕೆ" ಎಂದಿರಲಿ. ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿಯ ರಸೀದಿ ಕೇಳುವವರೊಬ್ಬರು ಎಲ್ಲ ಸಂತೆಯಲ್ಲೂ ಇರುತ್ತಾರೆ. ಅವರು ಕೊಂಡದ್ದು ಚೀಲ, ಕೊಟ್ಟದ್ದು ಅದರ ಬೆಲೆ, ದಾನವಲ್ಲ ಎಂದು ವಿನಯದಿಂದ ಹೇಳಿದರಾಯಿತು.

ಬೆಲೆ 180 ಆದರೆ 200ರ ನೋಟು ಕೊಟ್ಟವರಿಗೆಲ್ಲ 20 ಹಿಂದಿರುಗಿಸಬೇಕು. ಡಬ್ಬಿಯಲ್ಲಿ ಮೊದಲೇ 1,000 ರೂಪಾಯಿ ಚಿಲ್ಲರೆ ಇಡಿ: 20ರ ಇಪ್ಪತ್ತು, 10ರ ಮೂವತ್ತು, 50ರ ಆರು. ಈ ಸಾವಿರ ಮಾರಾಟದ್ದಲ್ಲ, ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿಡಿ. ಹಣ ಒಬ್ಬರ ಕೈಯಲ್ಲಿ ಮಾತ್ರ, ಗಂಟೆಗೊಮ್ಮೆ ಆಳು ಬದಲಾದಾಗ ಎಣಿಸಿ ಒಪ್ಪಿಸಬೇಕು.

ಯುಪಿಐಗೆ ಮಕ್ಕಳ ಅಥವಾ ಒಬ್ಬ ಪೋಷಕರ ಸ್ವಂತ ಖಾತೆ ಬೇಡ. ಶಾಲೆಯ ಅಥವಾ ಸಂಘದ ಖಾತೆಯ ಒಂದೇ ಕ್ಯೂಆರ್ ಕೋಡ್ ಇರಲಿ. ಕೊಟ್ಟವರ ಫೋನಿನಲ್ಲಿ ಕಾಣುವ ಹಸಿರು ಗುರುತನ್ನು ನಂಬಬೇಡಿ. ಖಾತೆಗೆ ಹಣ ಬಂದ ಸಂದೇಶ ಬರುವ ಫೋನು ಅದೇ ಅಂಗಳದಲ್ಲಿ, ಒಬ್ಬ ಶಿಕ್ಷಕರ ಕೈಯಲ್ಲಿರಬೇಕು. ಐದು ಮಳಿಗೆಗೆ ಒಂದೇ ಕೋಡ್ ಆದರೆ ಯಾವ ಹಣ ಯಾರದ್ದೆಂದು ಸಂಜೆ ಗೊಂದಲವಾಗುತ್ತದೆ. ಹಾಗಾಗಿ ಪ್ರತಿ ತಂಡವೂ ಸಮಯ ಮತ್ತು ಮೊತ್ತವನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಲಿ.

ಬೆಲೆ ಇಳಿಸುವ ನಿಯಮವನ್ನು ಬೆಳಿಗ್ಗೆಯೇ ತೀರ್ಮಾನಿಸಿ: ಆರೂವರೆಗೆ ಮೊದಲು ಯಾರಿಗೂ ಇಲ್ಲ, ಆಮೇಲೆ ಎಲ್ಲರಿಗೂ 130. ನಾಲ್ಕು ಗಂಟೆಗೇ ಒಬ್ಬರಿಗೆ ಬಿಟ್ಟುಕೊಟ್ಟರೆ ಐದು ನಿಮಿಷದಲ್ಲಿ ಇಡೀ ಅಂಗಳಕ್ಕೆ ಗೊತ್ತಾಗುತ್ತದೆ. ಕೊನೆಯ ಗಂಟೆಯಲ್ಲಿ ಮಕ್ಕಳು ಇದಕ್ಕೆ ಉಲ್ಟಾ ತಪ್ಪು ಮಾಡುವುದೂ ಉಂಟು. ಯಾರೋ ಎರಡು ಚೀಲಕ್ಕೆ 180 ಕೊಡುತ್ತೇನೆ ಎಂದರೆ, 92ಕ್ಕಿಂತ ಕಡಿಮೆ ಆಯಿತು, ನಷ್ಟ ಎಂದು ಕಳುಹಿಸಿಬಿಡುತ್ತಾರೆ. ಆ 92 ಆಗಲೇ ಖರ್ಚಾಗಿ ಹೋಗಿದೆ, ಮಾರಿದರೂ ಮಾರದಿದ್ದರೂ ಅದು ಹಿಂದೆ ಬರುವುದಿಲ್ಲ. ಈಗ ನೋಡಬೇಕಾದದ್ದು ಈ ಚೀಲ ನಾಳೆ ಹೆಚ್ಚಿಗೆ ಹೋದೀತೇ ಎಂದು. ಕ್ರಿಸ್ಮಸ್ ಹತ್ತಿರವಿದ್ದು, ಮುಂಗಡ ಕೊಟ್ಟು ಚೀಲ ಕೇಳುವವರು ಇನ್ನೂ ಇದ್ದರೆ ಇಟ್ಟುಕೊಳ್ಳಿ. ಇಲ್ಲವಾದರೆ ಕೊಟ್ಟುಬಿಡಿ.

ರಾತ್ರಿಯ ಲೆಕ್ಕ

ಮೊದಲು ಚೀಲ ಎಣಿಸಿ, ಆಮೇಲೆ ಹಣ. ಬೆಳಿಗ್ಗೆ 38 ಇತ್ತು, ಈಗ 4 ಇದೆ, ಹೋದದ್ದು 34. ಅದರಲ್ಲಿ 28 ಪೂರ್ತಿ ಬೆಲೆಗೆ, 6 ಇಳಿಸಿದ ಬೆಲೆಗೆ, ಬರಬೇಕಾದದ್ದು 5,820. ಯುಪಿಐ ಹಾಳೆಯಲ್ಲಿ 19 ಚೀಲದ 3,420 ಇದ್ದರೆ ನಗದು 2,400 ಇರಬೇಕು, ಚಿಲ್ಲರೆಯ ಸಾವಿರ ಸೇರಿ ಡಬ್ಬಿಯಲ್ಲಿ 3,400. ಮುಂಗಡ ಪಡೆದಿದ್ದರೆ ಅದನ್ನೂ ಬಂದ ದಿನವೇ ಡಬ್ಬಿಯ ಹಾಳೆಗೆ ಸೇರಿಸಿರಬೇಕು, ಈ ಒಂದು ಕಡೆಯೇ ಲೆಕ್ಕ ಹೆಚ್ಚಾಗಿ ತಪ್ಪುವುದು. ಡಬ್ಬಿಯಲ್ಲಿ 3,380 ಇದ್ದರೆ ಯಾರಿಗೋ ಒಂದು 20ರ ನೋಟು ಹೆಚ್ಚು ಕೊಟ್ಟಿದ್ದಾರೆ ಎಂದರ್ಥ. "ಕೊರತೆ 20" ಎಂದು ಬರೆದು ಮುಂದೆ ಹೋಗಿ. ಡಬ್ಬಿಯ ಬಳಿ ಕೂತ ಹುಡುಗಿ ತನ್ನ ಕಿಸೆಯಿಂದ ತುಂಬಿಸುವುದು ಬೇಡ, ಹಾಗೆ ಮಾಡಿದರೆ ಮುಂದಿನ ಸಲ ಯಾರೂ ಕೊರತೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ.

ನಗದನ್ನು ಸೋಮವಾರವೇ ಅದೇ ಖಾತೆಗೆ ಕಟ್ಟಿ, ಸಂಘದ ಸಾಲ ತೀರಿಸಿ, ಬಿಲ್ಲುಗಳ ಜೊತೆ ಒಂದು ಪುಟದ ಲೆಕ್ಕವನ್ನು ಸೂಚನಾ ಫಲಕಕ್ಕೆ ಹಾಕಿ. ಪ್ರಾಥಮಿಕ ಶಾಲೆಗೆ ನಗದು ಕೊಡುವುದಕ್ಕಿಂತ, ಅವರು ಬರೆಸಿದ ಪಟ್ಟಿಯ ಪುಸ್ತಕಗಳನ್ನೇ ಕೊಂಡು ಬಿಲ್ಲಿನ ಸಮೇತ ಒಪ್ಪಿಸುವುದು ಇಬ್ಬರಿಗೂ ಹಗುರ.

ಉಳಿದ ನಾಲ್ಕು ಚೀಲಗಳಲ್ಲಿ ಒಂದನ್ನು ಮುಂದಿನ ವರ್ಷದವರಿಗೆ ಮಾದರಿಯಾಗಿ ಲೆಕ್ಕದ ಹಾಳೆಯ ಜೊತೆ ತೆಗೆದಿಡಿ. ಅಚ್ಚು ಕೆಟ್ಟ ತುಂಡುಗಳಲ್ಲಿ ಕಲೆಯಿಲ್ಲದ ಭಾಗ ಕತ್ತರಿಸಿದರೆ ಚಿಲ್ಲರೆ ಹಾಕುವ ಸಣ್ಣ ಸಂಚಿಗಳಾಗುತ್ತವೆ. ಎಕ್ಸ್‌ರೇ ಹಾಳೆಯ ಅಕ್ಷರಗಳಿಗೆ ಅಂಟಿದ ಬಣ್ಣವನ್ನು ಅದೇ ರಾತ್ರಿ ತೊಳೆಯಿರಿ, ಒಣಗಿದರೆ ಉಜ್ಜುವಾಗ ಆ ಸಣ್ಣ ಸೇತುವೆಗಳು ಮುರಿಯುತ್ತವೆ.